ಮೊದಲು ಮೇನ್ ಸ್ವಿಚ್ ಆಫ್ ಮಾಡಿ

ಶಿರಸಿಯಲ್ಲಿ ಕೋ-ವರ್ಕಿಂಗ್ ಸ್ಥಳ, ಅಂದರೆ ಬಾಡಿಗೆ ಕೊಟ್ಟು ಕೂತು ಕೆಲಸ ಮಾಡುವ ಜಾಗ, ತೆರೆಯುವವರೊಬ್ಬರು ಮಳೆಗಾಲಕ್ಕೆ ಮುಂಚೆ ಕರಪತ್ರ ಬರೆಸಲು ನನ್ನಲ್ಲಿಗೆ ಬಂದಾಗ ಜಾಹೀರಾತಿನ ಸಾಲನ್ನು ತಾವೇ ಬರೆದು ತಂದಿದ್ದರು: ‘ಕನಸುಗಳು ಕೈಜೋಡಿಸುವ ತಾಣ’. ಕೆಳಗೆ, 300 ಎಂಬಿಪಿಎಸ್ ವೈ-ಫೈ, ಉಚಿತ ಕಾಫಿ.

ಈ ‘ಕನಸು’ ನನಗೆ ವರ್ಷಕ್ಕೆ ನಾಲ್ಕು ಬಾರಿಯಾದರೂ ಎದುರಾಗುತ್ತದೆ. ಬೆಂಗಳೂರಿನಲ್ಲಿ ಇಂಥ ಸ್ಥಳಕ್ಕೆ ಪಕ್ಕದ ರಸ್ತೆಯ ಇನ್ನೊಂದು ಸ್ಥಳದ ಪೈಪೋಟಿ. ಸಣ್ಣ ಊರಿನಲ್ಲಿ ಪೈಪೋಟಿ ಗಿರಾಕಿಯ ಸ್ವಂತ ಮನೆಯದ್ದು. ಅಲ್ಲಿ ಬಾಡಿಗೆಯಿಲ್ಲ, ಕಾಫಿಯೂ ಇವರದ್ದಕ್ಕಿಂತ ಚೆನ್ನಾಗಿರುತ್ತದೆ. ಹಾಗಾದರೆ ಆತ ದುಡ್ಡು ಕೊಟ್ಟು ಏಕೆ ಬರಬೇಕು? ಮನೆಯಲ್ಲಿ ಏನು ಕೈಕೊಡುತ್ತದೆಯೋ ಅದು ಇಲ್ಲಿ ಕೈಕೊಡುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಕರೆಂಟು, ಇಂಟರ್ನೆಟ್, ಮತ್ತು ‘ಮನೆಯಲ್ಲೇ ಇದ್ದೀಯಲ್ಲ, ಸ್ವಲ್ಪ ಅಡಿಕೆ ಚೀಲ ಇಳಿಸಿಕೋ’ ಎನ್ನುವವರಿಲ್ಲದ ಬಾಗಿಲು.

ವೇಗದ ಅಂಕಿ ಇದಕ್ಕೆ ಉತ್ತರವಲ್ಲ. ಒಂದು ವಿಡಿಯೊ ಕರೆಗೆ ಸಾಮಾನ್ಯವಾಗಿ ಮೂರು-ನಾಲ್ಕು ಎಂಬಿಪಿಎಸ್ ಸಾಕು. ಗಿರಾಕಿಗೆ ಭಯವಿರುವುದು ಆ ಕರೆ ನಡುವೆ ಕಡಿದುಹೋಗುವುದರದ್ದು.

‘ಇನ್ವರ್ಟರ್ ಇದೆಯಲ್ಲ ಸರ್’ ಎಂದರು ಮಾಲೀಕರು. ಸ್ಥಳಕ್ಕೆ ಹೋಗಿ, ಲ್ಯಾಪ್‌ಟಾಪಿನಲ್ಲಿ ಕರೆಯೊಂದನ್ನು ಹಚ್ಚಿಟ್ಟು, ಮೇನ್ ಆಫ್ ಮಾಡಿಸಿದೆ. ದೀಪ ಉಳಿಯಿತು, ಫ್ಯಾನ್ ತಿರುಗಿತು, ಕರೆ ಸತ್ತಿತು. ಗೋಡೆಯ ಮೇಲಿದ್ದ ಫೈಬರ್ ಪೆಟ್ಟಿಗೆಯ ಪ್ಲಗ್ ಇನ್ವರ್ಟರ್ ಸಾಲಿಗೇ ಸೇರಿರಲಿಲ್ಲ! ಅದನ್ನು ಸೇರಿಸಿದ್ದಾಯಿತು. ಇನ್ನೊಂದು ಕಂಪನಿಯ ಸಂಪರ್ಕವೂ ಇತ್ತು, ಆದರೆ ಎರಡೂ ಕೇಬಲ್ ಒಂದೇ ಕಂಬದಿಂದ ಇಳಿದಿದ್ದವು. ಗಾಳಿಮಳೆಗೆ ಒಂದು ಮರ ಬಿದ್ದರೆ ಎರಡೂ ಒಟ್ಟಿಗೇ ಹೋಗುತ್ತವೆ. ಎರಡನೆಯದನ್ನು ಬಿಟ್ಟು ಮೊಬೈಲ್ ಸಿಮ್ ಹಾಕುವ ರೌಟರ್ ತರಿಸಿದರು. ಕರೆಂಟು ಬಹಳ ಹೊತ್ತು ಬಾರದಿದ್ದರೆ ಮೊಬೈಲ್ ಗೋಪುರವೂ ಕೈಚೆಲ್ಲಬಹುದು. ಆದ್ದರಿಂದ ‘ತಡೆಯೇ ಇಲ್ಲದ ಇಂಟರ್ನೆಟ್’ ಎಂದು ಬರೆಯಲು ನಾನು ಒಪ್ಪಲಿಲ್ಲ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಂಡವಿದೆ. ಅದಕ್ಕೂ ಮೊದಲು, ಸಣ್ಣ ಊರಿನಲ್ಲಿ ಒಬ್ಬನ ಕರೆ ಕಡಿದ ಸುದ್ದಿ ಸಂಜೆಯೊಳಗೆ ಪೇಟೆ ಸುತ್ತಿರುತ್ತದೆ.

ಸಮಯದ್ದು ಇನ್ನೊಂದು ಎಡವಟ್ಟು. ಬೆಳಿಗ್ಗೆ 9ರಿಂದ ರಾತ್ರಿ 8 ಎಂದು ಬರೆದಿದ್ದರು. ಆದರೆ ಊರಿನಲ್ಲೇ ಕೂತು ಅಮೆರಿಕದ ಕಂಪನಿಗೆ ಕೆಲಸ ಮಾಡುವ ಗಿರಾಕಿಯೂ ಇರುತ್ತಾನೆ. ನ್ಯೂಯಾರ್ಕಿನ ಬೆಳಗಿನ ಒಂಬತ್ತೆಂದರೆ, ಅಲ್ಲಿನ ಬೇಸಿಗೆಯಲ್ಲಿ, ನಮ್ಮ ಸಂಜೆ 6:30, ಅವರು ಗಡಿಯಾರ ಬದಲಿಸಿದ ಮೇಲೆ 7:30. ಕೆಲಸ ಶುರುವಾಗುವ ಹೊತ್ತಿಗೆ ಬೀಗ ಹಾಕಿದರೆ ಆ ಗಿರಾಕಿಯನ್ನು ಕರೆದು ಪ್ರಯೋಜನವೇನು? ವಾರದಲ್ಲಿ ಐದು ದಿನ ರಾತ್ರಿ 12ರವರೆಗೆ ತೆರೆದಿಡಲು ಒಪ್ಪಿದರು, ಸ್ವಲ್ಪ ಗೊಣಗಿಕೊಂಡೇ.

ಕೊನೆಗೆ ಕರಪತ್ರದಲ್ಲಿ ಅಚ್ಚಾದದ್ದು ಇಷ್ಟು: ‘ಕರೆಂಟು ಹೋದರೂ ನಾಲ್ಕು ತಾಸು ದೀಪ, ಫೈಬರ್ ಎರಡೂ ನಡೆಯುತ್ತವೆ. ಫೈಬರ್ ಕಡಿದರೆ ಮೊಬೈಲ್ ಸಂಪರ್ಕವಿದೆ. ಬಾಗಿಲು ಮುಚ್ಚಿ ಮಾತನಾಡಲು ಎರಡು ಕೋಣೆ. ಸೋಮವಾರದಿಂದ ಶುಕ್ರವಾರ ರಾತ್ರಿ 12ರವರೆಗೆ. ಒಂದು ದಿನ ಬಂದು ಕೂತು ನೋಡಿ, ಬೇಕಿದ್ದರೆ ಮೇನ್ ನೀವೇ ಆಫ್ ಮಾಡಿ.’

ನಾಲ್ಕು ತಾಸು ಎಂಬುದನ್ನು ಎರಡು ಸಂಜೆ ಗಡಿಯಾರ ಹಿಡಿದು ಅಳೆದೇ ಬರೆದದ್ದು. ‘ಕನಸುಗಳು’ ಮಾತ್ರ ಬಾಗಿಲ ಮೇಲಿನ ಫಲಕದಲ್ಲಿ ಈಗಲೂ ಇವೆ.