ಸಾಬೂದಾಣಿ: ಮರದ್ದೋ, ಗೆಡ್ಡೆಯದ್ದೋ, ಹೊಟ್ಟೆಗೆ ಸಾಕಾಗುತ್ತದೋ?

ಆಷಾಢ ಏಕಾದಶಿ ಹತ್ತಿರ ಬಂತೆಂದರೆ ಬೆಳಗಾವಿಯ ಕಿರಾಣಿ ಅಂಗಡಿಗಳಲ್ಲಿ ಸಾಬೂದಾಣಿ ಚೀಲಗಳು ಮುಂದಿನ ಸಾಲಿಗೆ ಬರುತ್ತವೆ. ಅದರ ಜೊತೆಗೇ ವರ್ಷ ವರ್ಷವೂ ಅದೇ ಜಗಳ ಮೊಬೈಲ್‌ಗಳಲ್ಲಿ ಎದ್ದು ಕೂರುತ್ತದೆ. ಸಾಬೂದಾಣಿ ತಾಳೆಯಂಥ ಮರದ ತಿರುಳು ಎಂದು ಒಬ್ಬರು, ಗೆಡ್ಡೆಯ ಹಿಟ್ಟು ಎಂದು ಇನ್ನೊಬ್ಬರು. ಹುಳ ಬಿದ್ದ ಗುಂಡಿಯಲ್ಲಿ ತಿಂಗಳುಗಟ್ಟಲೆ ಕೊಳೆಸಿ ಮಾಡುತ್ತಾರೆ, ಉಪವಾಸಕ್ಕೆ ನಡೆಯುವುದಿಲ್ಲ ಎಂದು ಮತ್ತೊಬ್ಬರು. ಇದರ ನಡುವೆಯೇ ಮನೆಯ ಹಿರಿಯರು ಜ್ವರ ಬಿದ್ದ ಮಗುವಿಗೆ ಸಾಬೂದಾಣಿ ಗಂಜಿ ಕುಡಿಸಿ, ಇನ್ನು ಶಕ್ತಿ ಬರುತ್ತದೆ ಎನ್ನುತ್ತಾರೆ. ಇವೆಲ್ಲ ಬೇರೆ ಬೇರೆ ಪ್ರಶ್ನೆಗಳು. ಒಂದರೊಳಗೊಂದು ಸಿಕ್ಕಿಹಾಕಿಕೊಂಡಿದ್ದರಿಂದ ಯಾವುದಕ್ಕೂ ಉತ್ತರ ಸಿಗದಂತಾಗಿದೆ.

ಮರ ಎನ್ನುವವರ ಮಾತಿಗೆ ಆಧಾರವಿದೆ. ಇಂಡೋನೇಷ್ಯಾದ ಮಲುಕು ದ್ವೀಪಗಳಲ್ಲಿ, ನ್ಯೂಗಿನಿಯ ಜೌಗು ನೆಲದಲ್ಲಿ ಸಾಗೋ ಎಂಬ ತಾಳೆಜಾತಿಯ ಮರ ಬೆಳೆಯುತ್ತದೆ. ಅದು ಹೂ ಬಿಡುವುದು ಜೀವಮಾನದಲ್ಲಿ ಒಂದೇ ಸಲ. ಅದಕ್ಕಾಗಿ ಹತ್ತು ಹನ್ನೆರಡು ವರ್ಷ ಕಾಂಡದೊಳಗೆ ಪಿಷ್ಟ ಕೂಡಿಡುತ್ತದೆ. ಹೂ ಬಿಡುವ ಮುಂಚೆ ಮರ ಕಡಿದು, ಕಾಂಡ ಸೀಳಿ, ತಿರುಳು ತುರಿದು ನೀರಲ್ಲಿ ತೊಳೆದರೆ ಪಿಷ್ಟ ತಳಕ್ಕೆ ಕೂರುತ್ತದೆ. ಅದನ್ನು ಮುತ್ತಿನಂತೆ ಕಾಳು ಮಾಡಿ ಮಲಯ, ಸಿಂಗಪುರದ ಕಡೆಯಿಂದ ಹಡಗಿನಲ್ಲಿ ಕಳಿಸುತ್ತಿದ್ದ ಕಾಲವೊಂದಿತ್ತು. ಭಾರತಕ್ಕೆ ಸಾಬೂದಾಣಿಯ ಪರಿಚಯವಾದದ್ದು ಆ ಮಾಲಿನಿಂದ.

ಈಗ ನಮ್ಮ ಅಂಗಡಿಗೆ ಬರುವುದು ಅದಲ್ಲ, ಮರಗೆಣಸಿನದು. ಮರಗೆಣಸು ಎಂಬ ಹೆಸರಿದ್ದರೂ ಅದು ಆಳೆತ್ತರದ ಗಿಡ, ಪಿಷ್ಟ ಇರುವುದು ನೆಲದೊಳಗಿನ ಬೇರಿನಲ್ಲಿ. ತವರು ದಕ್ಷಿಣ ಅಮೆರಿಕ. ಪೋರ್ಚುಗೀಸರ ಕೈಯಿಂದ ಮಲಬಾರಿಗೆ ಬಂತು. 1880ರಿಂದ 1885ರವರೆಗೆ ತಿರುವಾಂಕೂರು ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಬಡವರ ಹೊಟ್ಟೆಗೆಂದು ಅದರ ಬೇಸಾಯಕ್ಕೆ ಒತ್ತಾಸೆ ಕೊಟ್ಟರು. 1942ರಲ್ಲಿ ಜಪಾನೀಯರು ಸಿಂಗಪುರವನ್ನೂ ಬರ್ಮಾವನ್ನೂ ಹಿಡಿದಾಗ ಒಂದು ಕಡೆ ಬರ್ಮಾ ಅಕ್ಕಿ ನಿಂತು ಕೇರಳ ಮರಗೆಣಸು ತಿಂದು ಬದುಕಿತು, ಇನ್ನೊಂದು ಕಡೆ ಮಲಯದ ಸಾಬೂದಾಣಿ ಬರುವ ದಾರಿಯೂ ಮುಚ್ಚಿತು. ಆ ತೆರವನ್ನು ತುಂಬಿದ್ದು ತಮಿಳುನಾಡಿನ ಸೇಲಂ. ಅಲ್ಲಿನ ವರ್ತಕರು ಮರಗೆಣಸಿನ ಪಿಷ್ಟದಿಂದಲೇ ಕಾಳು ಕಟ್ಟಲು ಶುರು ಮಾಡಿದರು. ಮುಂದೆ ಅದು ನೂರಾರು ಕಾರ್ಖಾನೆಗಳ ಉದ್ಯಮವಾಗಿ, 1981ರಲ್ಲಿ ‘ಸಾಗೋಸರ್ವ್’ ಎಂಬ ಸಹಕಾರ ಸಂಘ ಹುಟ್ಟಿ, 2023ರಲ್ಲಿ ಸೇಲಂ ಜವ್ವರಿಸಿಗೆ, ಅಂದರೆ ಅಲ್ಲಿನ ಸಾಬೂದಾಣಿಗೆ, ಭೌಗೋಳಿಕ ಗುರುತು ಸಿಕ್ಕಿತು.

ಕಾರ್ಖಾನೆಯೊಳಗೆ ಏನಾಗುತ್ತದೆ ಎಂಬುದನ್ನು ತುಸು ನಿಧಾನವಾಗಿ ನೋಡಬೇಕು. ಹುಳದ ಮಾತಿಗೂ, ಶಕ್ತಿಯ ಮಾತಿಗೂ ಉತ್ತರ ಅಲ್ಲೇ ಇದೆ.

ಕಿತ್ತ ಮರಗೆಣಸು ಎರಡು ಮೂರು ದಿನ ಹಾಗೇ ಬಿದ್ದರೆ ಒಳಗೆ ನೀಲಿಗೆರೆ ಮೂಡಿ ಕೆಡುತ್ತದೆ. ಹಾಗಾಗಿ ಲಾರಿಯಿಂದ ಇಳಿದ ಗೆಡ್ಡೆಯನ್ನು ಬೇಗನೆ ತೊಳೆದು, ಸಿಪ್ಪೆ ಸುಲಿದು, ತುರಿಯುವ ಯಂತ್ರಕ್ಕೆ ಹಾಕುತ್ತಾರೆ. ಹಸಿ ಮರಗೆಣಸಿನಲ್ಲಿ ಸೈನೈಡ್ ಬಿಡುವ ಅಂಶವೊಂದಿದೆ. ತುರಿದಾಗ ಅದು ಒಡೆಯುತ್ತದೆ, ನೀರಿನ ಜೊತೆ ಹರಿದು ಹೋಗುತ್ತದೆ, ಉಳಿದದ್ದು ಬಿಸಿಗೂ ಬಿಸಿಲಿಗೂ ಆರಿ ಹೋಗುತ್ತದೆ. ತುರಿಗೆ ನೀರು ಬಿಟ್ಟು ಜರಡಿಯಲ್ಲಿ ಸೋಸಿದರೆ ನಾರು ಮೇಲೆ ಉಳಿದು, ಬೆಳ್ಳನೆಯ ಹಾಲು ಕೆಳಗಿಳಿಯುತ್ತದೆ. ನಾರು ದನದ ಮೇವಿಗೆ ಹೋಗುತ್ತದೆ, ಹಾಲು ತೊಟ್ಟಿಗೆ. ಕೆಲವು ಗಂಟೆಗಳಲ್ಲಿ ಪಿಷ್ಟ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಮೇಲಿನ ನೀರು ಬಿಟ್ಟಾಗ ಪಿಷ್ಟದ ಮೇಲೆ ತೆಳ್ಳಗೆ ಹಳದಿ ಬಣ್ಣದ ಕೆನೆ ಕಾಣುತ್ತದೆ. ಅದನ್ನು ಕೆರೆದು ತೆಗೆಯುತ್ತಾರೆ, ಇಲ್ಲದಿದ್ದರೆ ಕಾಳಿನ ಬಣ್ಣ ಮಂಕಾಗುತ್ತದೆ. ಮರಗೆಣಸಿನಲ್ಲಿ ಮೊದಲೇ ಅಲ್ಪವಾಗಿದ್ದ ಪ್ರೋಟೀನು ಹೊರಟುಹೋಗುವುದು ಹೀಗೆ, ಆ ನೀರಿನಲ್ಲಿ ಮತ್ತು ಆ ಕೆನೆಯಲ್ಲಿ.

ಉಳಿದ ಒದ್ದೆ ಪಿಷ್ಟವನ್ನು ಪುಡಿ ಮಾಡಿ, ಅಲುಗಾಡುವ ಜೋಳಿಗೆಯಂಥ ಯಂತ್ರದಲ್ಲಿ ಉರುಳಾಡಿಸಿದರೆ ತನಗೆ ತಾನೇ ಕಾಳು ಕಟ್ಟುತ್ತದೆ. ಜರಡಿ ಹಿಡಿದು ಒಂದೇ ಅಳತೆಯವನ್ನು ಬೇರೆ ಮಾಡಿ, ಎಣ್ಣೆ ಸವರಿದ ಬಿಸಿ ಹಂಚಿನ ಮೇಲೆ ಕೆಲವು ನಿಮಿಷ ಕೈಯಾಡಿಸುತ್ತಾರೆ. ಮೇಲ್ಮೈಯ ಪಿಷ್ಟ ಅರೆಬೆಂದು ಅಂಟಿನಂತಾಗಿ ಕಾಳನ್ನು ಹಿಡಿದಿಡುತ್ತದೆ. ಹಂಚಿನ ಬದಲು ಆವಿಯಲ್ಲಿ ಬೇಯಿಸಿದರೆ ಗಾಜಿನಂತೆ ಹೊಳೆಯುವ ನೈಲಾನ್ ಸಾಬೂದಾಣಿ. ಕೊನೆಗೆ ಸಿಮೆಂಟ್ ಕಣದಲ್ಲಿ ಬಿಸಿಲಿಗೆ ಒಣಗಿಸುತ್ತಾರೆ. ಒಂದು ಕಿಲೋ ಕಾಳಿಗೆ ನಾಲ್ಕೈದು ಕಿಲೋ ಗೆಡ್ಡೆ ಬೇಕು.

ಇಷ್ಟು ತಿಳಿದರೆ ಹುಳದ ಕಥೆಗೆ ಆಧಾರ ಉಳಿಯುವುದಿಲ್ಲ. ತಿಂಗಳುಗಟ್ಟಲೆ ಕೊಳೆಸಿದರೆ ಪಿಷ್ಟ ಹುಳಿಯುತ್ತದೆ, ನಾರುತ್ತದೆ, ಬಣ್ಣ ಕೆಡುತ್ತದೆ. ಮಾರುವವನಿಗೆ ಅದರಿಂದ ನಷ್ಟವೇ. ನಿಜವಾಗಿ ನೋಡಬೇಕಾದದ್ದು ಬೇರೆ ಇದೆ. ನಾವೆಲ್ಲ ಅಂಗಡಿಯಲ್ಲಿ ಅಚ್ಚ ಬಿಳಿಯದನ್ನೇ ಕೇಳುತ್ತೇವೆ, ತುಸು ಮಾಸಲು ಬಣ್ಣದ್ದನ್ನು ಹಳೇ ಮಾಲು ಎಂದು ಸರಿಸುತ್ತೇವೆ. ಆ ಬಿಳುಪಿಗಾಗಿ ಪಿಷ್ಟಕ್ಕೆ ಬ್ಲೀಚಿಂಗ್ ರಾಸಾಯನಿಕ ಬೆರೆಸುವ ಚಾಳಿ ಈ ವ್ಯಾಪಾರದಲ್ಲಿ ಹೊಕ್ಕಿತು, ಅಧಿಕಾರಿಗಳ ದಾಳಿಗಳೂ ನಡೆದವು. ಮಾಮೂಲಿ ಹಂಚಿನ ಕಾಳು ಹಾಲುಬಿಳಿ ಇರದೆ ತುಸು ಮಾಸಲಾಗಿದ್ದರೆ ಹೆದರಬೇಕಿಲ್ಲ. ಮೂಸಿದಾಗ ಹುಳಿವಾಸನೆಯೋ ಘಾಟೋ ಬಂದರೆ ಮಾತ್ರ ಬಿಡಬೇಕು.

ಇನ್ನು ಕಾನೂನು. ಆಹಾರ ಸುರಕ್ಷತೆಯ ನಿಯಮದಲ್ಲಿ ಸಾಬೂದಾಣಿ ಎಂದರೆ ಸಾಗೋ ಮರದ ಪಿಷ್ಟದಿಂದಲೋ ಮರಗೆಣಸಿನ ಗೆಡ್ಡೆಯಿಂದಲೋ ಮಾಡಿದ ಕಾಳು ಎಂದಿದೆ, ಎರಡೂ ನಡೆಯುತ್ತದೆ. ಸಾಬೂದಾಣಿಯ ಗುಣಮಟ್ಟದ ಮಾನದಂಡದಲ್ಲಿರುವ ಒಂದು ಸಾಲನ್ನು ಜಗಳವಾಡುವವರು ಯಾರೂ ಓದಿದಂತಿಲ್ಲ: ಪ್ರೋಟೀನು ಶೇಕಡಾ 0.3ಕ್ಕಿಂತ ಹೆಚ್ಚಿರಕೂಡದು. ಕಡಿಮೆ ಇರಬಾರದು ಎಂದಲ್ಲ, ಹೆಚ್ಚಿರಬಾರದು. ಹೆಚ್ಚಿದ್ದರೆ ತೊಳೆತ ಸರಿಯಾಗಿಲ್ಲ ಅಥವಾ ಬೇರೇನೋ ಬೆರೆತಿದೆ ಎಂದರ್ಥ. ಪ್ರೋಟೀನು ಇಲ್ಲದಿರುವುದೇ ಶುದ್ಧ ಸಾಬೂದಾಣಿಯ ಲಕ್ಷಣ. ಮರದ್ದಾದರೂ ಗೆಡ್ಡೆಯದ್ದಾದರೂ ತೊಳೆದು ತಳ ಕೂರಿಸಿದ ಪಿಷ್ಟ ಪಿಷ್ಟವೇ, ಊಟದ ಲೆಕ್ಕಕ್ಕೆ ಎರಡೂ ಒಂದೇ.

ಹಾಗಾದರೆ ಏಕಾದಶಿ ದಿನ ಸಾಬೂದಾಣಿ ಖಿಚಡಿ ತಿಂದವರಿಗೆ ತಾಕತ್ತು ಎಲ್ಲಿಂದ ಬರುತ್ತದೆ? ಒಬ್ಬರ ತಾಟು ತೆಗೆದುಕೊಳ್ಳೋಣ. ಒಣ ಸಾಬೂದಾಣಿ 60 ಗ್ರಾಂ, ಹುರಿದ ಶೇಂಗಾ ಪುಡಿ 25 ಗ್ರಾಂ, ಒಂದು ಸಣ್ಣ ಬಟಾಟಿ, ಎರಡು ಚಮಚ ತುಪ್ಪ, ಜೀರಿಗೆ, ಹಸಿಮೆಣಸಿನಕಾಯಿ. ಎಲ್ಲ ಸೇರಿ 480 ಕ್ಯಾಲೊರಿಯ ಆಸುಪಾಸು, ಒಂದು ಹೊತ್ತಿನ ಊಟಕ್ಕೆ ಕಡಿಮೆಯೇನಲ್ಲ. ಪ್ರೋಟೀನು ಏಳು ಗ್ರಾಂ ಚಿಲ್ಲರೆ. ಅದರಲ್ಲಿ ಶೇಂಗಾದ ಪಾಲು ಆರು ಗ್ರಾಂ, ಬಟಾಟಿಯದು ಒಂದು. ಸಾಬೂದಾಣಿಯದು ಕಾಲು ಗ್ರಾಂ ಕೂಡ ಇಲ್ಲ. 55 ಕಿಲೋ ತೂಕದ ಹೆಣ್ಣುಮಗಳಿಗೆ ದಿನಕ್ಕೆ ಬೇಕಾದದ್ದು ಸುಮಾರು 46 ಗ್ರಾಂ. ಎರಡು ಹೊತ್ತು ಖಿಚಡಿ ತಿಂದರೂ ಮೂರನೇ ಒಂದು ಪಾಲು ತುಂಬುವುದಿಲ್ಲ. ಪಕ್ಕಕ್ಕೆ ಒಂದು ಬಟ್ಟಲು ಮೊಸರಿಟ್ಟರೆ ಹೊತ್ತಿಗೆ ನಾಲ್ಕೈದು ಗ್ರಾಂ ಸೇರುತ್ತದೆ, ಶೇಂಗಾದಲ್ಲಿ ಕೊರತೆಯಿರುವ ಅಂಶವನ್ನೂ ಮೊಸರು ತುಂಬಿಕೊಡುತ್ತದೆ. ನಮ್ಮ ಅಜ್ಜಿಯಂದಿರು ಖಿಚಡಿಗೆ ಶೇಂಗಾ ಕೈ ಬಿಚ್ಚಿ ಹಾಕಿ ಮೊಸರು ಕೊಡುತ್ತಿದ್ದುದು ಬರೀ ರುಚಿಗಾಗಿತ್ತು ಎಂದು ನನಗನ್ನಿಸುವುದಿಲ್ಲ.

ಹೋಟೆಲಿನ ಖಿಚಡಿಯಲ್ಲಿ ಈ ಲೆಕ್ಕ ತಲೆಕೆಳಗಾಗುತ್ತದೆ. ಶೇಂಗಾ ತುಟ್ಟಿ, ಸಾಬೂದಾಣಿ ಅಗ್ಗ. ತಾಟಿನಲ್ಲಿ ಕಾಳು ಮಿಂಚುತ್ತಿರುತ್ತವೆ, ಶೇಂಗಾ ಅಲ್ಲಲ್ಲಿ ಚುಕ್ಕಿಯಷ್ಟು. ಮನೆಯಲ್ಲಿ ಮಾಡುವವರಿಗೆ ತೊಂದರೆ ಕೊಡುವುದು ನೀರು. ಕಾಳನ್ನು ಎರಡು ಮೂರು ಸಲ ತೊಳೆದು ಮೇಲಿನ ಹಿಟ್ಟು ಬಿಡಿಸಿ, ಕಾಳು ಮುಳುಗುವಷ್ಟೇ ನೀರು ಹಾಕಿ ನಾಲ್ಕೈದು ತಾಸು ಬಿಡಬೇಕು. ಎರಡು ಬೆರಳಲ್ಲಿ ಒತ್ತಿದರೆ ನಡುವೆ ಗಟ್ಟಿ ಚುಕ್ಕಿ ಸಿಗದೆ ಚಪ್ಪಟೆಯಾಗಬೇಕು. ನೀರು ಹೆಚ್ಚಾದರೆ ಬಾಣಲೆಯಲ್ಲಿ ಮುದ್ದೆಯಾಗುತ್ತದೆ. ಸರಿಯಾದ ನೀರಲ್ಲೂ ಕಾಳು ಕರಗಿ ಹಿಟ್ಟಾದರೆ ಹಂಚಿನ ಮೇಲೆ ಸರಿಯಾಗಿ ಬೇಯದ ಮಾಲು ಅದು.

ಉಪವಾಸ ಒಂದು ದಿನದ್ದು. ಗಟ್ಟಿಮುಟ್ಟಾದ ಮೈಗೆ ಒಂದು ದಿನ ಪ್ರೋಟೀನು ಕಮ್ಮಿಯಾದರೆ ಕೆಡುಕಿಲ್ಲ, ಮರುದಿನ ದ್ವಾದಶಿಗೆ ಜೋಳದ ರೊಟ್ಟಿ, ಬೇಳೆ, ಕಾಳುಪಲ್ಯ ಎಲ್ಲ ಇದ್ದೇ ಇರುತ್ತದೆ. ನೂರು ಗ್ರಾಂ ಜೋಳದಲ್ಲಿ ಹತ್ತು ಗ್ರಾಂನಷ್ಟು ಪ್ರೋಟೀನಿದೆ. ನನಗೆ ಚಿಂತೆ ಇರುವುದು ಗಂಜಿಯ ಬಗ್ಗೆ. ಭೇದಿ, ಜ್ವರ ಆದಾಗ ಸಾಬೂದಾಣಿ ಗಂಜಿ ಸುಲಭವಾಗಿ ಜೀರ್ಣವಾಗುತ್ತದೆ, ನೀರೂ ಹೊಟ್ಟೆಗೆ ಸೇರುತ್ತದೆ, ಒಂದೆರಡು ದಿನಕ್ಕೆ ಒಳ್ಳೆಯದೇ. ಆದರೆ ಅದು ಒಗ್ಗಿತೆಂದು ವಾರಗಟ್ಟಲೆ ಅದನ್ನೇ ಕುಡಿಸುವ ಮನೆಗಳಿವೆ. ಹಾಲೂ ಇಲ್ಲದ ಬೆಲ್ಲದ ಗಂಜಿ ಮಗುವಿನ ಹೊಟ್ಟೆ ತುಂಬಿಸುತ್ತದೆ, ಮೈ ಬೆಳೆಸುವುದಿಲ್ಲ. ಹೊಟ್ಟೆ ತುಂಬಿದ ಮಗು ಅಳುವುದಿಲ್ಲವಾದ್ದರಿಂದ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ. ಜ್ವರ ಇಳಿದ ಮೇಲೆ ಅದೇ ಗಂಜಿಯನ್ನು ಹಾಲಿನಲ್ಲಿ ಕುದಿಸಬೇಕು, ಬೇಗನೆ ಹೆಸರುಬೇಳೆಗೂ ಅನ್ನಕ್ಕೂ ಮರಳಬೇಕು.

ಸಕ್ಕರೆ ಕಾಯಿಲೆಯ ಹಿರಿಯರದ್ದು ಬೇರೆ ಮಾತು. ನಾರಿಲ್ಲದ, ಅರೆಬೆಂದ ಪಿಷ್ಟ ರಕ್ತದ ಸಕ್ಕರೆಯನ್ನು ಸರ್ರನೆ ಏರಿಸುತ್ತದೆ, ಶೇಂಗಾ ಮತ್ತು ತುಪ್ಪ ಆ ವೇಗವನ್ನು ಸ್ವಲ್ಪ ತಗ್ಗಿಸುತ್ತವೆ ಅಷ್ಟೆ. ಬೆಳಿಗ್ಗೆಯಿಂದ ಖಾಲಿ ಹೊಟ್ಟೆಯಲ್ಲಿದ್ದು ಸಂಜೆ ದೊಡ್ಡ ತಾಟು ಖಿಚಡಿ ತಿನ್ನುವುದು ಅವರಿಗೆ ಸಲ್ಲದು. ಉಪವಾಸ ಬಿಡುವುದಿಲ್ಲ ಎನ್ನುವವರಿಗೆ ರಾಜಗಿರಿ ಇದೆ. ಅದರಲ್ಲಿ ನೂರು ಗ್ರಾಂಗೆ ಹದಿಮೂರು ಗ್ರಾಂನಷ್ಟು ಪ್ರೋಟೀನು, ಜೊತೆಗೆ ನಾರು. ಬೆಳಗಾವಿ ತಾಲೂಕಿನ ಹೊಲಗಳಲ್ಲೇ ಬೆಳೆಯುವ ಗೆಣಸನ್ನು ಕುದಿಸಿ ತಿಂದರೂ ನಾರು ಸಿಗುತ್ತದೆ, ಆದರೆ ಅದನ್ನೂ ಅಳತೆಯಲ್ಲಿ ತಿನ್ನಬೇಕು. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಏಕಾದಶಿಗೆ ಮುಂಚೆಯೇ ಡಾಕ್ಟರನ್ನು ಕೇಳಿ ಆ ದಿನದ ಪ್ರಮಾಣ ಗೊತ್ತುಮಾಡಿಕೊಳ್ಳಬೇಕು.