ಒಂದು ಕುರ್ತಾಕ್ಕೆ ನಿಜವಾಗಿ ಎಷ್ಟು ಖರ್ಚು ಬೀಳುತ್ತದೆ?

ದಾವಣಗೆರೆಯಲ್ಲಿ ನನ್ನದೊಂದು ಸಣ್ಣ ಹೊಲಿಗೆ ಅಂಗಡಿ ಇದೆ. ಎರಡು ಮಷಿನ್, ಒಂದು ಓವರ್‌ಲಾಕ್. ಕೆಲಸ ಮಾಡುವವರು ನಾನು ಮತ್ತು ಜೊತೆಗಿರುವ ಒಬ್ಬ ಹುಡುಗಿ, ಇಬ್ಬರೇ. ಮೊದಲ ಕೆಲವು ವರ್ಷ ಸಾದಾ ಕುರ್ತಾಕ್ಕೆ 250 ರೂಪಾಯಿ ಮಜೂರಿ ತೆಗೆದುಕೊಳ್ಳುತ್ತಿದ್ದೆ. ಪಕ್ಕದ ಅಂಗಡಿಯಲ್ಲೂ ಅಷ್ಟೇ ಇತ್ತು, ಅದಕ್ಕೆ. ಕೈ ತುಂಬ ಕೆಲಸವಿತ್ತು, ಆದರೆ ತಿಂಗಳ ಕೊನೆಗೆ ನನಗೆ ಅಂತ ಏನೂ ಉಳಿಯುತ್ತಿರಲಿಲ್ಲ. ಒಂದು ದಿನ ಗಡಿಯಾರ ಎದುರಿಗಿಟ್ಟುಕೊಂಡು ಒಂದೇ ಒಂದು ಕುರ್ತಾದ ಲೆಕ್ಕ ಬರೆದೆ. ಅದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಬಟ್ಟೆ. ಉದ್ದ 42 ಇಂಚು, ಮುಕ್ಕಾಲು ತೋಳು, ಕೆಳಗೆ 26 ಇಂಚು ಅಗಲದ ಎ-ಲೈನ್ ಕುರ್ತಾ ಎಂದುಕೊಳ್ಳಿ. ಭುಜದ ಹೊಲಿಗೆಗೆ ಅರ್ಧ ಇಂಚು, ಕೆಳಗಿನ ಮಡಿಕೆಗೆ ಎರಡು ಇಂಚು ಸೇರಿಸಿದರೆ 44.5 ಇಂಚಾಗುತ್ತದೆ. ಬಟ್ಟೆಯ ಪನ್ನಾ, ಅಂದರೆ ಅಗಲ, 44 ಇಂಚಿದ್ದರೆ ಮುಂಭಾಗ, ಹಿಂಭಾಗ ಅಕ್ಕಪಕ್ಕ ಕೂರುವುದಿಲ್ಲ. ಹಾಗಾಗಿ ಎರಡು ಉದ್ದ ಬೇಕು, ಅಂದರೆ 89 ಇಂಚು. ಪಕ್ಕದಲ್ಲಿ 18 ಇಂಚಿನ ಪಟ್ಟಿ ಉಳಿಯುತ್ತದಲ್ಲ, ಎರಡು ತೋಳು, ಕೊರಳಿನ ಪಟ್ಟಿ ಎಲ್ಲ ಅದರಲ್ಲೇ ಬರುತ್ತವೆ. ಕಾಟನ್ ನೀರಿಗೆ ಹಾಕಿದರೆ ಮೀಟರಿಗೆ ನಾಲ್ಕು ಸೆಂಟಿಮೀಟರಿನಷ್ಟು ಕುಗ್ಗಬಹುದು. ನೆನೆಸಿ, ಒಣಗಿಸಿ, ಆಮೇಲೆ ಕತ್ತರಿಸಬೇಕು ಅಂದರೆ 93 ಇಂಚು ಇರಬೇಕು. ಅದು 2.36 ಮೀಟರ್. ಅದಕ್ಕೇ ನಾನು ಎರಡೂವರೆ ಮೀಟರ್ ತನ್ನಿ ಅನ್ನುವುದು.

ಪನ್ನಾ ಕೇಳದೆ ಮೀಟರ್ ಹೇಳಿದರೆ ಎಡವಟ್ಟಾಗುತ್ತದೆ. 36 ಇಂಚಿನ ಪನ್ನಾದಲ್ಲಿ ಪಕ್ಕದಲ್ಲಿ ಹತ್ತೇ ಇಂಚು ಉಳಿಯುವುದರಿಂದ ತೋಳಿಗೆ ಬೇರೆ ಬಟ್ಟೆ ಬೇಕು, ಮೂರು ಮೀಟರಿಗೆ ಹೋಗುತ್ತದೆ. 58 ಇಂಚಿನದಾದರೆ ಎರಡೂ ಭಾಗ ಅಕ್ಕಪಕ್ಕ ಕೂರುತ್ತವೆ, ಒಂದೂಮುಕ್ಕಾಲು ಮೀಟರ್ ಸಾಕು. ಹಾಗಾಗಿ ಮೀಟರಿಗೆ 140 ರೂಪಾಯಿಯ ಬಟ್ಟೆ 180ರ ಬಟ್ಟೆಗಿಂತ ಅಗ್ಗ ಅಂತ ಹೇಳಲಾಗುವುದಿಲ್ಲ. 44ರ ಪನ್ನಾದಲ್ಲಿ 140ರ ಬಟ್ಟೆ ಎರಡೂವರೆ ಮೀಟರಿಗೆ 350 ಆಗುತ್ತದೆ. 58ರ ಪನ್ನಾದಲ್ಲಿ 180ರ ಬಟ್ಟೆ ಒಂದೂಮುಕ್ಕಾಲು ಮೀಟರಿಗೆ 315 ಅಷ್ಟೆ.

ದಾರದ ಲೆಕ್ಕ ಸಣ್ಣದು, ಆದರೆ ಅದರಲ್ಲೂ ಒಂದು ವಿಷಯವಿದೆ. ಮಷಿನ್ ಹೊಲಿಗೆಗೆ ಮೇಲಿನ ದಾರ, ಬಾಬಿನ್ ದಾರ ಸೇರಿ ಹೊಲಿಗೆಯ ಉದ್ದದ ಎರಡೂವರೆಯಿಂದ ಮೂರು ಪಟ್ಟು ಹೋಗುತ್ತದೆ. ಇಡೀ ಕುರ್ತಾದ ಹೊಲಿಗೆ ಅಳೆದರೆ, ಬದಿಗೆ ಎರಡು ಸಲ ಓಡಿಸಿದ್ದೂ ಸೇರಿ, 11 ಮೀಟರ್ ಆಯಿತು. ದಾರ ಸುಮಾರು 30 ಮೀಟರ್. ರೀಲಿನಲ್ಲಿ ಇನ್ನೂ ಬೇಕಾದಷ್ಟು ಉಳಿದಿರುತ್ತದೆ. ಆದರೆ ಆ ಗಿಣಿಹಸಿರು ದಾರ ಮತ್ತೆ ಯಾವಾಗ ಬೇಕಾದೀತು? ನನ್ನ ಡಬ್ಬದಲ್ಲಿ ಅಂಥ ಅರ್ಧಂಬರ್ಧ ರೀಲುಗಳು ತುಂಬಿವೆ. ಅದಕ್ಕೆ ಬಣ್ಣದ ರೀಲಿನ 12 ರೂಪಾಯಿ ಪೂರ್ತಿ ಆ ಕುರ್ತಾದ ಮೇಲೆಯೇ ಹಾಕುತ್ತೇನೆ. ಓವರ್‌ಲಾಕ್ ದಾರ 4, ಕೊರಳಿನ ಕ್ಯಾನ್ವಾಸ್ 10, ಕವರ್ 4. ಒಟ್ಟು 30 ರೂಪಾಯಿ.

ಇನ್ನು ಕೂಲಿ. ಇಲ್ಲೇ ನಾನು ಬಹಳ ದಿನ ತಪ್ಪು ಮಾಡಿದ್ದು. ಹುಡುಗಿಗೆ ತಿಂಗಳಿಗೆ 13,000 ಕೊಡುತ್ತೇನೆ. ಅಂಗಡಿ ದಿನಕ್ಕೆ ಎಂಟು ಗಂಟೆ ತೆಗೆದಿರುತ್ತದೆ, ಆದರೆ ಕೈ ಕೆಲಸದ ಮೇಲೆ ಇರುವುದು ಆರು ಗಂಟೆ ಮಾತ್ರ. ಗಿರಾಕಿ ಜೊತೆ ಮಾತು, ಊಟ, ಕರೆಂಟು ಹೋಗುವುದು, ರಜೆ ಎಲ್ಲ ಕಳೆದರೆ ತಿಂಗಳಿಗೆ 150 ಗಂಟೆ. ಅಂದರೆ ಒಂದು ಗಂಟೆಗೆ ಸುಮಾರು 87 ರೂಪಾಯಿ. ಗಡಿಯಾರ ನೋಡಿಕೊಂಡು ಹೊಲಿಸಿದಾಗ ಅವಳಿಗೆ ಓವರ್‌ಲಾಕ್ ಸೇರಿ ಒಂದೂವರೆ ಗಂಟೆ ಹಿಡಿಯಿತು. ಅದು 130 ರೂಪಾಯಿ.

ಅಳತೆ, ಕಟಿಂಗ್, ಇಸ್ತ್ರಿ, ಕೊನೆಗೆ ದಾರ ಕತ್ತರಿಸುವುದು ನನ್ನ ಕೆಲಸ. ಒಟ್ಟು ಮುಕ್ಕಾಲು ಗಂಟೆ. ಇದಕ್ಕೆ ನಾನು ಸೊನ್ನೆ ಬರೆಯುತ್ತಿದ್ದೆ! ಅಂಗಡಿ ನನ್ನದೇ ಅಲ್ವಾ ಅಂತ. ಆದರೆ ನನಗೆ ಹುಷಾರಿಲ್ಲದಾಗ ಕಟಿಂಗ್‌ಗೆ ಬೇರೆಯವರನ್ನು ಕರೆದರೆ ಅವರಿಗೆ ದುಡ್ಡು ಕೊಡಲೇಬೇಕಲ್ಲ. ಈಗ ತಿಂಗಳಿಗೆ 15,000 ನನ್ನ ಸಂಬಳ ಅಂತ ಇಟ್ಟುಕೊಂಡಿದ್ದೇನೆ. ಗಂಟೆಗೆ 100, ಈ ಕುರ್ತಾಕ್ಕೆ 75.

ಕೊನೆಯದು ಅಂಗಡಿ ಖರ್ಚು. ಬಾಡಿಗೆ 6,000, ಕರೆಂಟು 900, ಸೂಜಿ, ಎಣ್ಣೆ, ಬೆಲ್ಟು, ರಿಪೇರಿ 600, ಫೋನು, ಚಹಾ ಮತ್ತಿತರ ಚಿಲ್ಲರೆ 1,000. ಮಷಿನ್‌ಗಳಿಗೆ ಹಾಕಿದ್ದು 48,000. ಎಂಟು ವರ್ಷ ಬಾಳುತ್ತವೆ ಅಂದರೆ ತಿಂಗಳಿಗೆ 500. ಎಲ್ಲ ಸೇರಿ 9,000. ಇದನ್ನು ತಿಂಗಳಿಗೆ ಹೊಲಿದ 150 ಬಟ್ಟೆಗೆ ಹಂಚಿ ತಲಾ 60 ಅನ್ನುವವರೇ ಜಾಸ್ತಿ. ಆದರೆ ಸೀರೆಗೆ ಫಾಲ್ ಹಚ್ಚಲು 20 ನಿಮಿಷ, ಲೈನಿಂಗ್ ಬ್ಲೌಸಿಗೆ ಮೂರೂವರೆ ಗಂಟೆ. ಎರಡರ ಮೇಲೂ 60 ಹಾಕಿದರೆ ಫಾಲ್ ದುಬಾರಿಯಾಗಿ ಗಿರಾಕಿ ಬರುವುದಿಲ್ಲ, ಬ್ಲೌಸಿನಲ್ಲಿ ನಮಗೇ ಕೈ ಕಚ್ಚುತ್ತದೆ. ಹಂಚಬೇಕಾದ್ದು ಗಂಟೆಗೆ. ನಮ್ಮಿಬ್ಬರ 300 ಗಂಟೆಗೆ 9,000 ಅಂದರೆ ಗಂಟೆಗೆ 30. ಫಾಲ್‌ಗೆ 10, ಬ್ಲೌಸಿಗೆ 105. ನಮ್ಮ ಕುರ್ತಾ ಎರಡೂಕಾಲು ಗಂಟೆಯದು, ಅದಕ್ಕೆ 68.

ಈ 300 ಗಂಟೆ ವರ್ಷದ ಸರಾಸರಿ ಆಗಿರಬೇಕು. ದೀಪಾವಳಿ ಹೊತ್ತಿಗೆ ರಾತ್ರಿ ಹತ್ತರ ತನಕ ಹೊಲಿಯುತ್ತೇವೆ. ಆಷಾಢದಲ್ಲಿ ಮದುವೆ ಇಲ್ಲ, ಮಷಿನ್ ಸುಮ್ನೆ ನಿಂತಿರುತ್ತದೆ, ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಸೀಸನ್ ತಿಂಗಳ ಗಂಟೆ ಹಿಡಿದು ರೇಟು ಕಟ್ಟಿದರೆ ಆಷಾಢದ ಬಾಡಿಗೆ ಯಾರ ಬಟ್ಟೆಯ ಮೇಲೂ ಬೀಳುವುದಿಲ್ಲ.

ಬಟ್ಟೆ ಗಿರಾಕಿಯದೇ, ಅದನ್ನು ಬಿಟ್ಟು ಕೂಡಿಸಿ ನೋಡಿ: ಸಾಮಾನು 30, ಕೂಲಿ 205, ಅಂಗಡಿ ಖರ್ಚು 68. ಒಟ್ಟು 303. ಹತ್ತರಲ್ಲಿ ಒಂದು ಕುರ್ತಾ ಬಿಗಿ ಅಂತಲೋ ಸಡಿಲ ಅಂತಲೋ ವಾಪಸ್ ಬರುತ್ತದೆ. ಅರ್ಧ ಗಂಟೆ ಬಿಚ್ಚಿ ಹೊಲಿಯುವುದಕ್ಕೆ 60 ರೂಪಾಯಿ, ಒಂದೊಂದರ ಮೇಲೆ 6. ಅಲ್ಲಿಗೆ 309. ನಾನು ತೆಗೆದುಕೊಳ್ಳುತ್ತಿದ್ದದ್ದು 250. ಕಡಿಮೆ ಬಿದ್ದ 59 ರೂಪಾಯಿ ಎಲ್ಲಿಂದ ಹೋಯಿತು? ಬಾಡಿಗೆ ಕಟ್ಟಿದ್ದೆ, ಹುಡುಗಿಗೆ ಸಂಬಳ ಕೊಟ್ಟಿದ್ದೆ. ನನ್ನ 75ರಲ್ಲೇ ಅದು ಕರಗಿತ್ತು. ಮುಕ್ಕಾಲು ಗಂಟೆ ನಿಂತು ಕತ್ತರಿಸಿದ್ದಕ್ಕೆ ನನಗೆ ಸಿಕ್ಕಿದ್ದು 16 ರೂಪಾಯಿ.

ಈಗ ಸಾದಾ ಕುರ್ತಾಕ್ಕೆ 350 ತೆಗೆದುಕೊಳ್ಳುತ್ತೇನೆ. ಕೆಲವರು ಬರುವುದು ಬಿಟ್ಟರು, ನಿಜ. ಇನ್ನು ಕೆಲವರು "ಅಕ್ಕಾ, ಎರಡು ಹೊಲಿಸ್ತೀನಿ, ಕಡಿಮೆ ಮಾಡಿ" ಅನ್ನುತ್ತಾರೆ. ಒಂದೇ ಬಟ್ಟೆ, ಒಂದೇ ಅಳತೆ ಆದರೆ ಖುಷಿಯಿಂದ ಕಡಿಮೆ ಮಾಡುತ್ತೇನೆ. ಎರಡನ್ನೂ ಒಟ್ಟಿಗೆ ಹಾಸಿ ಕತ್ತರಿಸಿದರೆ ನನ್ನ 20 ನಿಮಿಷ ಉಳಿಯುತ್ತದೆ, ಅಂಗಡಿ ಖರ್ಚು ಸೇರಿ 43 ರೂಪಾಯಿ. ಒಂದು ರೀಲಿನಲ್ಲೇ ಎರಡೂ ಮುಗಿಯುತ್ತವೆ, ಇನ್ನೊಂದು 12. ಎರಡರ ಮೇಲೆ 50 ಬಿಡುತ್ತೇನೆ. ಬೇರೆ ಬೇರೆ ಬಣ್ಣ, ಬೇರೆ ಬೇರೆ ಅಳತೆಯ ಎರಡು ತಂದರೆ ಏನೂ ಉಳಿಯುವುದಿಲ್ಲ. ಯಾಕೆ ಅಂತ ಈ ಲೆಕ್ಕದ ಚೀಟಿ ತೋರಿಸಿಯೇ ಹೇಳುತ್ತೇನೆ.