ಯಂತ್ರ ಖಾಲಿ ಇದೆ, ಬೀಜ ಖಾಲಿ ಇಲ್ಲ: ಒಳಗಿನ ಮಾರಾಟಕ್ಕೆ ಎಷ್ಟು ಬೆಲೆಗಿಂತ ಇಳಿಯಬಾರದು?

ಓದುಗರ ಪ್ರಶ್ನೆ: ನಮ್ಮದು ಒಂದೇ ಸಂಸ್ಥೆ, ಎರಡು ವಿಭಾಗ. ಕುಶಾಲನಗರದಲ್ಲಿ ಕಾಫಿ ಹುರಿದು ಪುಡಿ ಮಾಡುವ ಘಟಕ, ಮಡಿಕೇರಿಯಲ್ಲಿ ಪ್ರವಾಸಿಗರಿಗೆ ಮಾರುವ ಅಂಗಡಿ. ಘಟಕದ ಸಾಮರ್ಥ್ಯ ತಿಂಗಳಿಗೆ 10,000 ಕೆ.ಜಿ. ಪುಡಿ, ಹೊರಗಿನ ಹೋಟೆಲುಗಳಿಗೆ ಹೋಗುತ್ತಿರುವುದು 7,000 ಮಾತ್ರ. ಅಂಗಡಿಗೆ ತಿಂಗಳಿಗೆ 2,000 ಕೆ.ಜಿ. ಬೇಕು. ‘ಕೆ.ಜಿ.ಗೆ ₹598 ನನಗೇ ಬೀಳುತ್ತೆ, ಅದಕ್ಕಿಂತ ಕಡಿಮೆಗೆ ಕೊಟ್ಟರೆ ನಷ್ಟ’ ಅಂತ ಘಟಕದವರು ಹೇಳುತ್ತಾರೆ. ‘ಹೊರಗೆ ₹580ಕ್ಕೆ ಸಿಗುತ್ತೆ’ ಅಂತ ಅಂಗಡಿಯವರು. ಲೆಕ್ಕ ನೋಡುವವನು ನಾನು. ಘಟಕ ಒಪ್ಪಬಹುದಾದ ಕನಿಷ್ಠ ಬೆಲೆ ಯಾವುದು?

ಉತ್ತರ: ನೀವು ಕಳಿಸಿದ ಲೆಕ್ಕದ ಪ್ರಕಾರ ₹498. ಆದರೆ ಈ ಅಂಕಿ ಎರಡು ವಿಷಯಗಳ ಮೇಲೆ ನಿಂತಿದೆ: ಖಾಲಿ ಅನ್ನುವ ಆ 3,000 ಕೆ.ಜಿ. ನಿಜವಾಗಿಯೂ ಖಾಲಿ ಇರಬೇಕು, ಮತ್ತು ಬೀಜಕ್ಕೆ ಹಾಕಿರುವ ಬೆಲೆ ಸರಿ ಇರಬೇಕು. ಹೆಚ್ಚಿನವರು ಎಡವುವುದು ಎರಡನೆಯದರಲ್ಲಿ. ಅದಕ್ಕೆ ಆಮೇಲೆ ಬರೋಣ.

ಮೊದಲು ₹598 ಎಲ್ಲಿಂದ ಬಂತು ನೋಡಿ. ಬಾಡಿಗೆ, ಸಂಬಳ, ಯಂತ್ರದ ಸವಕಳಿ ಸೇರಿ ಘಟಕದ ಸ್ಥಿರ ವೆಚ್ಚ ತಿಂಗಳಿಗೆ ₹7,00,000. ಅದನ್ನು ಈಗ ಮಾರುತ್ತಿರುವ 7,000 ಕೆ.ಜಿ.ಗೆ ಹಂಚಿ ಕೆ.ಜಿ.ಗೆ ₹100 ಹೊರಿಸಿದ್ದಾರೆ. ಅಂಗಡಿಯ 2,000 ಕೆ.ಜಿ. ಮಾಡಿದರೂ ಬಿಟ್ಟರೂ ಬಾಡಿಗೆ ಅಷ್ಟೇ, ಮೇಸ್ತ್ರಿಯ ಸಂಬಳವೂ ಅಷ್ಟೇ. ಹಾಗಾಗಿ ‘ಈ ಮಾಲು ಕೊಡಲೇ’ ಎಂಬ ನಿರ್ಧಾರದಲ್ಲಿ ಆ ನೂರು ರೂಪಾಯಿಗೆ ಜಾಗವಿಲ್ಲ. ಕೇಳಬೇಕಾದ್ದು ಇಷ್ಟೇ: ಈ 2,000 ಕೆ.ಜಿ. ಮಾಡುವುದರಿಂದ ಹೊಸದಾಗಿ ಎಷ್ಟು ಹಣ ಕೈಬಿಡುತ್ತದೆ, ಮತ್ತು ಇದಕ್ಕಾಗಿ ಬೇರೆ ಯಾವ ಆದಾಯ ಬಿಟ್ಟುಕೊಡಬೇಕು?

ಎರಡನೆಯ ಭಾಗಕ್ಕೆ ಲೆಕ್ಕದವರು ಅವಕಾಶ ವೆಚ್ಚ ಅನ್ನುತ್ತಾರೆ. ಯಂತ್ರ ಖಾಲಿ ನಿಂತಿದ್ದು, ಅಂಗಡಿಯ ಮಾಲಿಗಾಗಿ ಯಾವ ಹೋಟೆಲಿನ ಆರ್ಡರನ್ನೂ ತಿರಸ್ಕರಿಸಬೇಕಿಲ್ಲದಿದ್ದರೆ ಅದು ಸೊನ್ನೆ. ಆಗ ಕನಿಷ್ಠ ಬೆಲೆ ಅಂದರೆ ಬದಲಾಗುವ ವೆಚ್ಚ ಮಾತ್ರ.

ಆ ವೆಚ್ಚವನ್ನು ಹೋಟೆಲು ಮಾರಾಟದ ಪಟ್ಟಿಯಿಂದ ಹಾಗೇ ಎತ್ತಿಕೊಳ್ಳಬೇಡಿ. ಹೋಟೆಲಿಗೆ ಹೋಗುವ ಒಂದು ಕೆ.ಜಿ. ಪುಡಿಗೆ ಬೀಜ ₹480, ಗ್ಯಾಸು ಮತ್ತು ಕರೆಂಟು ₹14, ಒಂದು ಕೆ.ಜಿ.ಯ ಪೌಚು ₹16, ಏಜೆಂಟರ ಕಮಿಷನ್ ₹20, ಒಟ್ಟು ₹530. ಅಂಗಡಿಗೆ ಹೋಗುವುದು ದೊಡ್ಡ ಚೀಲದಲ್ಲಿ, ಪ್ಯಾಕಿಂಗ್ ₹4. ಕಮಿಷನ್ ಇಲ್ಲವೇ ಇಲ್ಲ. 480, 14, 4 ಕೂಡಿಸಿದರೆ ₹498. ಒಳಗಿನ ಮಾರಾಟದಲ್ಲಿ ಉಳಿಯುವ ಇಂಥ ಖರ್ಚನ್ನು ಕಳೆಯಲು ಮರೆತರೆ ಕನಿಷ್ಠ ಬೆಲೆ ಸುಮ್ಮನೆ ₹32 ಮೇಲೇರಿ ಕೂರುತ್ತದೆ.

ಬೀಜಕ್ಕೆ ₹480 ಯಾಕೆ ಎಂದರೆ, ಹುರಿಯುವಾಗ ತೂಕ ಇಳಿಯುತ್ತದೆ. ನಿಮ್ಮ ಹದಕ್ಕೆ 100 ಕೆ.ಜಿ. ಹಸಿ ಬೀಜ ಹುರಿದರೆ ಸುಮಾರು 83 ಕೆ.ಜಿ. ಕೈಗೆ ಬರುತ್ತದೆ, ಅಂದರೆ ಒಂದು ಕೆ.ಜಿ. ಪುಡಿಗೆ 1.2 ಕೆ.ಜಿ. ಬೀಜ. ಬೀಜದ ಬೆಲೆ ₹400 ಇದ್ದರೆ ಪುಡಿಯಲ್ಲಿ ಅದು ₹480. ‘ಬೀಜ 400, ಖರ್ಚು 18, ಒಟ್ಟು 418’ ಎಂದು ಬರೆದ ಚೀಟಿಗಳು ಅಪರೂಪವೇನಲ್ಲ. ಹದ ಕಪ್ಪಾದಷ್ಟೂ ತೂಕ ಇನ್ನೂ ಇಳಿಯುವುದರಿಂದ ಅಂಗಡಿಗೆ ಬೇರೆ ಹದ ಬೇಕಿದ್ದರೆ 1.2ರ ಬದಲು ಆ ಹದದ ಅಳತೆ ಹಾಕಿ.

ಈಗ ಬೀಜದ ಬೆಲೆಯ ಮಾತು. ಕೊಡಗಿನಲ್ಲಿ ಇದು ಬೇರೆ ಕಡೆಗಿಂತ ಹೆಚ್ಚು ತಲೆಕೆಡಿಸುತ್ತದೆ, ಯಾಕೆಂದರೆ ಬಹಳಷ್ಟು ಕಡೆ ಬೀಜ ಬರುವುದು ಸ್ವಂತ ತೋಟದಿಂದ. ‘ನಮ್ಮದೇ ರೊಬಸ್ಟಾ, ಕೊಯ್ಲು ಕೂಲಿ, ಗೊಬ್ಬರ, ಕ್ಯೂರಿಂಗ್ ಎಲ್ಲ ಸೇರಿ ಕೆ.ಜಿ.ಗೆ 250 ಬಿದ್ದಿದೆ’ ಎಂದು ಪುಸ್ತಕದಲ್ಲಿ ಬರೆದಿರುತ್ತದೆ ಅನ್ನಿ. ಅದನ್ನು ಹಾಕಿದರೆ ಬೀಜ ₹300, ಕನಿಷ್ಠ ಬೆಲೆ ₹318. ನೋಡಲು ಸೊಗಸು, ಆದರೆ ತಪ್ಪು. ಯಂತ್ರ ಸಂಜೆ ಖಾಲಿ ನಿಂತರೆ ಆ ಸಂಜೆ ಹೋಯಿತು, ಅದನ್ನು ಯಾರಿಗೂ ಮಾರಲಾಗದು. ಗೋದಾಮಿನ ಬೀಜ ಹಾಗಲ್ಲ. ನಾಳೆ ಬೆಳಿಗ್ಗೆ ವ್ಯಾಪಾರಿಗೆ ಫೋನು ಮಾಡಿದರೆ ₹400ಕ್ಕೆ ಹೋಗುತ್ತದೆ. ಪುಡಿ ಮಾಡಿದ ದಿನ ಆ ₹400 ಕೈಬಿಟ್ಟಂತೆಯೇ. ಖಾಲಿ ಸಾಮರ್ಥ್ಯ ಇದೆ, ಅವಕಾಶ ವೆಚ್ಚ ಸೊನ್ನೆ ಎಂಬ ಸೂತ್ರ ಯಂತ್ರಕ್ಕೆ ಸಲ್ಲುತ್ತದೆ, ಬೀಜಕ್ಕೆ ಸಲ್ಲದು. ಹಿಂದಿನ ವರ್ಷ ₹340ಕ್ಕೆ ಕೊಂಡಿಟ್ಟ ಬೀಜವಾದರೂ ಇದೇ ಮಾತು. ಸಾಗಣೆ, ದಲ್ಲಾಳಿ ಕಳೆದು ಇಂದು ಕೈಗೆ ಸಿಗುವ ಬೆಲೆ ಎಷ್ಟೋ ಅಷ್ಟು ಹಾಕಬೇಕು.

ತಪ್ಪು ಹಾಕಿದರೆ ಏನಾಗುತ್ತದೆ? ಒಳಗಿನ ಬೆಲೆ ₹350 ಎಂದು ನಿಗದಿಯಾಯಿತು ಅನ್ನೋಣ. ಯಾವುದೋ ಹೋಂಸ್ಟೇ ಕೆ.ಜಿ.ಗೆ ₹450 ಕೊಡುತ್ತೇನೆ ಎಂದಾಗ ಅಂಗಡಿಯವರಿಗೆ ನೂರು ರೂಪಾಯಿ ಲಾಭ ಕಾಣುತ್ತದೆ, ಖುಷಿಯಾಗಿ ಒಪ್ಪುತ್ತಾರೆ. ಸಂಸ್ಥೆ ಮಾತ್ರ ಬೀಜವನ್ನು ಬೀಜವಾಗಿಯೇ ಮಾರಿದ್ದರೆ ಸಿಗುತ್ತಿದ್ದುದಕ್ಕಿಂತ ಕೆ.ಜಿ.ಗೆ ₹48 ಕಳೆದುಕೊಂಡಿತು. ಎರಡೂ ವಿಭಾಗದ ಪುಸ್ತಕದಲ್ಲಿ ಲಾಭವೇ ಬರೆದಿರುವುದರಿಂದ ಈ ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಖಾಲಿ ಇದೆ ಎಂಬ ಮಾತನ್ನು ಪರೀಕ್ಷಿಸಿ. ಹುರಿಯುವ ಯಂತ್ರ 12,000 ಕೆ.ಜಿ.ಗೆ ಸಾಕಾದರೂ ಪುಡಿ ಮಾಡುವ ಗಿರಣಿ 10,000ಕ್ಕೇ ನಿಲ್ಲುವುದಾದರೆ ಸಾಮರ್ಥ್ಯ ಹತ್ತು ಸಾವಿರವೇ. ಅಂಗಡಿಯ ಮಾಲಿಗಾಗಿ ಸಂಜೆ ಓವರ್‌ಟೈಮ್ ಕೊಡಬೇಕಾದರೆ, ತಿಂಗಳಿಗೆ ₹12,000 ಅನ್ನಿ, ಅದು ಹೊಸ ಖರ್ಚು; 2,000 ಕೆ.ಜಿ.ಗೆ ಹಂಚಿದರೆ ₹6, ಕನಿಷ್ಠ ಬೆಲೆ ₹504. ಮಳೆಗಾಲದಲ್ಲಿ ಕರೆಂಟು ಕೈಕೊಟ್ಟು ಜನರೇಟರಿನಲ್ಲಿ ಓಡಿಸುವ ಹೊತ್ತಾದರೆ ಡೀಸೆಲ್ಲನ್ನೂ ಹೀಗೇ ಸೇರಿಸಿ.

ಮೇಲಿನ ಮಿತಿ ಸುಲಭ. ಹೊರಗೆ ₹580ಕ್ಕೆ ಸಿಗುವಾಗ ಅಂಗಡಿ ಅದಕ್ಕಿಂತ ಹೆಚ್ಚು ಕೊಡುವುದಿಲ್ಲ. ಹೊರಗಿನ ಪುಡಿ ಶುದ್ಧ ಕಾಫಿಯೋ ಚಿಕೋರಿ ಬೆರೆತದ್ದೋ ಎಂದು ಮಾತ್ರ ಕೇಳಿಕೊಳ್ಳಿ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51% ಇದ್ದರೆ ಆಹಾರ ಸುರಕ್ಷತಾ ನಿಯಮ ಒಪ್ಪುತ್ತದೆ. ಅಂಥ ಪುಡಿಯ ಬೆಲೆ ತಂದು ಶುದ್ಧ ಕಾಫಿಯ ಪಕ್ಕ ಇಟ್ಟರೆ ಹೋಲಿಕೆಯೇ ಕೆಡುತ್ತದೆ.

₹498 ಮತ್ತು ₹580ರ ನಡುವೆ ಕೆ.ಜಿ.ಗೆ ₹82. ಘಟಕದವರು ₹598 ಹಿಡಿದು ಕುಳಿತು ಅಂಗಡಿ ಹೊರಗೆ ಕೊಂಡರೆ ಸಂಸ್ಥೆ ತಿಂಗಳಿಗೆ ₹1,64,000 ಕೈಯಾರೆ ಬಿಟ್ಟಂತೆ. ‘ನಷ್ಟಕ್ಕೆ ಕೊಡಲ್ಲ’ ಎಂಬ ಹಟದ ಬೆಲೆ ಅದು.

ಹಾಗಂತ ₹498ನ್ನೇ ಬೆಲೆಯಾಗಿ ಹೇರಬೇಡಿ. ಅದು ತಳ ಮಾತ್ರ. ಆ ಬೆಲೆಯಲ್ಲಿ ಘಟಕಕ್ಕೆ ಕೆಲಸ ಹೆಚ್ಚುತ್ತದೆ, ಲಾಭ ಇದ್ದಲ್ಲೇ ಇರುತ್ತದೆ. ಲಾಭ ನೋಡಿ ಬೋನಸ್ ಪಡೆಯುವ ಮ್ಯಾನೇಜರು ಮುಖ ಸಿಂಡರಿಸಿದರೆ ಆಶ್ಚರ್ಯವಿಲ್ಲ. ₹540ಕ್ಕೆ ಒಪ್ಪಿಸಿದರೆ ಘಟಕಕ್ಕೆ ತಿಂಗಳಿಗೆ ₹84,000, ಅಂಗಡಿಗೆ ₹80,000 ಉಳಿತಾಯ. ನಡುವೆ ಎಲ್ಲಿ ನಿಂತರೂ ಸಂಸ್ಥೆಯ ಒಟ್ಟು ಲಾಭ ಬದಲಾಗದು, ಹಂಚಿಕೆ ಮಾತ್ರ ಬದಲಾಗುತ್ತದೆ.

ಇಲ್ಲಿಗೆ ನಿಮ್ಮ ಪ್ರಶ್ನೆ ಮುಗಿಯಿತು, ಆದರೆ ಡಿಸೆಂಬರ್ ರಜೆ ಬಂದಾಗ ಇನ್ನೊಂದು ಬರುತ್ತದೆ. ಅಂಗಡಿ 2,000ದ ಬದಲು 4,000 ಕೆ.ಜಿ. ಕೇಳಿತು ಅನ್ನಿ. ಖಾಲಿ ಇರುವುದು 3,000. ಉಳಿದ ಸಾವಿರಕ್ಕೆ ಹೋಟೆಲಿನ ಆರ್ಡರು ಬಿಡಬೇಕು. ಹೋಟೆಲಿಗೆ ನಿಮ್ಮ ಬೆಲೆ ₹640, ಬದಲಾಗುವ ವೆಚ್ಚ ₹530, ಆದ್ದರಿಂದ ಬಿಟ್ಟ ಪ್ರತಿ ಕೆ.ಜಿ.ಗೂ ₹110 ಹೋಗುತ್ತದೆ. ಸಾವಿರ ಕೆ.ಜಿ.ಗೆ ₹1,10,000. ಇದನ್ನು 4,000 ಕೆ.ಜಿ.ಗೂ ಹಂಚಿದರೆ ಕೆ.ಜಿ.ಗೆ ₹27.50, ಕನಿಷ್ಠ ಬೆಲೆ ₹525.50. ಇನ್ನೂ 580ರ ಒಳಗೇ ಇದೆ, ಪೂರ್ತಿ ಕೊಟ್ಟುಬಿಡೋಣ ಎನ್ನಿಸುತ್ತದೆ.

ಸರಾಸರಿ ಇಲ್ಲಿ ಮೋಸ ಮಾಡುತ್ತದೆ. ಎರಡು ಭಾಗ ಮಾಡಿ ನೋಡಿ. ಮೊದಲ 3,000ಕ್ಕೆ ತಳ ₹498. ಕೊನೆಯ ಸಾವಿರಕ್ಕೆ 498ರ ಮೇಲೆ 110, ಅಂದರೆ ₹608. ಹೊರಗೆ ₹580ಕ್ಕೇ ಸಿಗುತ್ತದೆ. ಮೊದಲ 3,000ವನ್ನು ಘಟಕದಿಂದ, ಉಳಿದ ಸಾವಿರವನ್ನು ಹೊರಗಿನಿಂದ ತಂದರೆ ಸಂಸ್ಥೆಗೆ ₹2,46,000 ಉಳಿತಾಯ. ನಾಲ್ಕೂ ಸಾವಿರ ಘಟಕದಿಂದಲೇ ತಂದರೆ ₹2,18,000. ವ್ಯತ್ಯಾಸ ₹28,000. ಹೊರಗಿನ ವ್ಯಾಪಾರಿ ಸಾವಿರ ಕೆ.ಜಿ.ಯಷ್ಟು ಸಣ್ಣ ಮಾಲು ಕೊಡುವುದಿಲ್ಲ, ಕೊಟ್ಟರೆ ನಾಲ್ಕೂ ಸಾವಿರ ಎಂದು ಪಟ್ಟು ಹಿಡಿದರೆ ಮಾತ್ರ ₹525.50ರ ಲೆಕ್ಕ ಕೆಲಸಕ್ಕೆ ಬರುತ್ತದೆ.

ಹೋಟೆಲುಗಳ ಬೇಡಿಕೆಯೇ 10,000 ಮುಟ್ಟಿದ ತಿಂಗಳು ಅಂಗಡಿಯ ಮೊದಲ ಕೆ.ಜಿ.ಗೂ ತಳ ₹608 ಆಗುತ್ತದೆ, ಆಗ ಹೊರಗೆ ಕೊಳ್ಳುವುದೇ ಸರಿ. ಹೋಟೆಲಿನವರನ್ನು ಒಂದು ತಿಂಗಳು ಬರಿಗೈಯಲ್ಲಿ ಕಳಿಸಿದರೆ ಮುಂದಿನ ತಿಂಗಳೂ ಬರದೇ ಹೋಗಬಹುದು. ಆ ನಷ್ಟ ₹110ರಲ್ಲಿ ಸೇರಿಲ್ಲ.

ಆದ್ದರಿಂದ ಎರಡು ವಿಭಾಗಗಳ ಒಪ್ಪಂದದ ಚೀಟಿಯಲ್ಲಿ ವರ್ಷಕ್ಕೆಲ್ಲ ಒಂದೇ ಬೆಲೆ ಬರೆಯಬೇಡಿ. ತಿಂಗಳ ಮೊದಲ ವಾರದ ಬೀಜದ ಬೆಲೆಗೆ 1.2ರಿಂದ ಗುಣಿಸಿ, ₹18 ಕೂಡಿಸಿ, ಮೇಲೆ ಒಪ್ಪಿದ ₹42 ಎಂದು ಬರೆಯಿರಿ. ಈ ಬೆಲೆ 3,000 ಕೆ.ಜಿ.ವರೆಗೆ ಮಾತ್ರ, ಅದೂ ಹೋಟೆಲು ಆರ್ಡರು 7,000 ದಾಟದಿದ್ದರೆ ಎಂಬ ಸಾಲೂ ಇರಲಿ. ಇದೆಲ್ಲ ಒಂದೇ ಸಂಸ್ಥೆಯ ಒಳಗಿನ ಮಾತು. ಅಂಗಡಿ ಬೇರೆ ಕಂಪನಿಯ ಹೆಸರಿನಲ್ಲಿದ್ದರೆ ತೆರಿಗೆಯ ನಿಯಮಗಳು ಬೇರೆ, ಚೀಟಿ ಬರೆಯುವ ಮೊದಲು ಆಡಿಟರ ಹತ್ತಿರ ಹೋಗಿ.